12 ಪದಗಳ ಒಂದು ವಾಕ್ಯ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಮನೆಗೆ ವಾರಕ್ಕೆ ಮೂರು ಸಂಜೆ ಒಬ್ಬ ಹುಡುಗ ಪಾಠಕ್ಕೆ ಬರುತ್ತಾನೆ. ಕನ್ನಡ ಮಾಧ್ಯಮ, ಆರನೇ ಕ್ಲಾಸು. ಅಪ್ಪ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಕೆಲಸ ಮಾಡುತ್ತಾರೆ. ಮನೆಯಲ್ಲಿ ತುಳು, ಕೆಳಗೆ ಆಟಕ್ಕೆ ಇಳಿದರೆ ಮರಾಠಿ, ಹಿಂದಿ. ಬಾಯಲ್ಲಿ ಕೇಳಿದರೆ ಪಟಪಟ ಉತ್ತರ ಕೊಡುತ್ತಾನೆ, ಪುಸ್ತಕ ಕೊಟ್ಟರೆ ಮುಖ ಸಣ್ಣದಾಗುತ್ತದೆ. ತಪಾಸಣೆಯಲ್ಲಿ ಡಿಸ್ಲೆಕ್ಸಿಯಾ ಎಂದು ಬಂದಿತ್ತು. ಅವನಿಗಾಗಿ ಪಾಠಗಳನ್ನು ನಾನೇ ಬೇರೆ ತರ ಬರೆದುಕೊಡಲು ಶುರು ಮಾಡಿದೆ. ಮೊದಮೊದಲು ಮಾಡಿದ್ದೆಲ್ಲ ತಪ್ಪೇ.

ನಾನು ಓದಿದ ಸಲಹೆಗಳೆಲ್ಲ ಇಂಗ್ಲಿಷಿನವು. ಒಂದು ವಾಕ್ಯದಲ್ಲಿ 15ರಿಂದ 20 ಪದ ದಾಟಬಾರದು ಅಂತ. ನಮ್ಮ ಮಳೆ ಪಾಠದಲ್ಲಿ ಈ ತರದ ಒಂದು ವಾಕ್ಯ ಇತ್ತು:

ಸೂರ್ಯನ ಶಾಖದಿಂದ ಆವಿಯಾಗಿ ಮೇಲೇರಿದ ನೀರು ವಾತಾವರಣದ ಮೇಲ್ಪದರದಲ್ಲಿ ತಂಪುಗೊಂಡು ಸಾಂದ್ರೀಕರಣಗೊಂಡು ಮೋಡಗಳಾಗಿ ಪರಿವರ್ತನೆಗೊಳ್ಳುವುದರಿಂದ ಮಳೆಯಾಗುತ್ತದೆ.

ಎಣಿಸಿ ನೋಡಿ, ಬರೀ 12 ಪದ! ಇಂಗ್ಲಿಷ್ ಲೆಕ್ಕದಲ್ಲಿ ಇದು ಚಿಕ್ಕ ವಾಕ್ಯ, ಮುಟ್ಟುವುದೇ ಬೇಡ. ಆದರೆ ಹುಡುಗ ಓದುವಾಗ ನಾನು ಪಕ್ಕದಲ್ಲಿ ಕೂತು, ಅವನು ನಿಂತ ಕಡೆಯೆಲ್ಲ ನನ್ನ ಪ್ರತಿಯಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿದೆ. ಒಂಬತ್ತು ಗೆರೆ ಬಿದ್ದವು. ಕೊನೆಗೆ ಹೇಗೋ ಮುಗಿಸಿದ. ಮಳೆ ಹೇಗೆ ಬರುತ್ತದೆ ಎಂದು ಕೇಳಿದರೆ, "ಅಕ್ಕ, ಸೂರ್ಯ ಏನೋ ಮಾಡ್ತಾನೆ" ಎಂದ.

ಕನ್ನಡದಲ್ಲಿ ಪದ ಎಣಿಸಿ ಪ್ರಯೋಜನ ಇಲ್ಲ, ಯಾಕೆಂದರೆ ನಾವು ಇಂಗ್ಲಿಷಿನವರ ಹಾಗೆ ಪದಗಳನ್ನು ಬಿಡಿಬಿಡಿಯಾಗಿ ಇಡುವುದಿಲ್ಲ, ಒಂದಕ್ಕೊಂದು ಅಂಟಿಸಿಕೊಂಡು ಹೋಗುತ್ತೇವೆ. 'ಪರಿವರ್ತನೆಗೊಳ್ಳುವುದರಿಂದ' ಒಂದೇ ಪದ, ಆದರೆ ಅದರಲ್ಲಿ 11 ಅಕ್ಷರ ಇವೆ, ಕ್ರಿಯೆ ಇದೆ, ಕಾರಣವೂ ಇದೆ, ಆ ಕಾರಣ ಬಾಲದಲ್ಲಿ ಇದೆ. ಹುಡುಗ ಬಾಲದ ತನಕ ಬರುವಷ್ಟರಲ್ಲಿ ತಲೆ ಮರೆತಿರುತ್ತದೆ. ಆಮೇಲೆ ನಾನು ಪದ ಬಿಟ್ಟು ಕೆಲಸಗಳನ್ನು ಎಣಿಸಿದೆ. ಆವಿಯಾಗುವುದು, ಏರುವುದು, ತಂಪಾಗುವುದು, ಸಾಂದ್ರೀಕರಣ, ಮೋಡವಾಗುವುದು, ಮಳೆಯಾಗುವುದು. ಆ ಒಂದು ವಾಕ್ಯದ ಹೊಟ್ಟೆಯಲ್ಲಿ ಆರು ಕೆಲಸ. ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ: ಒಂದು ವಾಕ್ಯಕ್ಕೆ ಒಂದು ಕೆಲಸ.

ಪದ ಬದಲಿಸುವಾಗ ಇನ್ನೊಂದು ಎಡವಟ್ಟು ಮಾಡಿಕೊಂಡೆ. ಅವನಿಗೆ ಒತ್ತಕ್ಷರ ಕಷ್ಟ, ಅದರಲ್ಲೂ ಅರ್ಕಾವತ್ತು. ಕಷ್ಟ ಆಗದೆ ಇನ್ನೇನು? ವರ್ತನೆ ಎಂದು ಬರೆದಾಗ ರಕಾರ ಕಾಣುವುದು ತಕಾರದ ಆಚೆ, ಓದಬೇಕಾದದ್ದು ಈಚೆ. ಹಾಗಾಗಿ ಅರ್ಕಾವತ್ತು ಇರುವ ಪದಗಳನ್ನೆಲ್ಲ ಹುಡುಕಿ ತೆಗೆದೆ. 'ಸೂರ್ಯ' ತೆಗೆದು 'ನೇಸರ' ಎಂದು ಹಾಕಿದೆ. ಮೂರು ಅಕ್ಷರ, ಒತ್ತಿಲ್ಲ, ಗಿತ್ತಿಲ್ಲ. ಹುಡುಗ ಸಲೀಸಾಗಿ ಓದಿ ತಲೆ ಎತ್ತಿ ಕೇಳಿದ: "ನೇಸರ ಅಂದ್ರೆ ಯಾರು ಅಕ್ಕ?"

ನಗು ಬಂತು, ನಾಚಿಕೆಯೂ ಆಯಿತು. 'ಸೂರ್ಯ' ಎಂಬ ಪದವನ್ನು ಅವನು ಸಾವಿರ ಸಲ ನೋಡಿದ್ದಾನೆ. ಅದನ್ನು ಅಕ್ಷರ ಕೂಡಿಸಿ ಓದುವುದೇ ಇಲ್ಲ, ಚಿತ್ರದ ಹಾಗೆ ಗುರುತು ಹಿಡಿಯುತ್ತಾನೆ. ಆಮೇಲೆ ಸ್ಪ್ಯಾನಿಷ್ ಓದುಗರ ಮೇಲೆ ಲೂಸ್ ರೆಲ್ಲೊ ಮತ್ತು ಜೊತೆಯವರು 2013ರಲ್ಲಿ ಮಾಡಿದ ಅಧ್ಯಯನದ ಬಗ್ಗೆ ಓದಿದೆ. ಡಿಸ್ಲೆಕ್ಸಿಯಾ ಇರುವವರಿಗೆ ಬಳಕೆಯ ಪದ ಇದ್ದರೆ ಓದು ವೇಗ ಆಗುತ್ತದೆ, ಚಿಕ್ಕ ಪದ ಇದ್ದರೆ ಅರ್ಥ ಚೆನ್ನಾಗಿ ಆಗುತ್ತದೆ ಎಂದು ಅದರಲ್ಲಿ ಕಂಡುಬಂದಿತ್ತು. ಎರಡೂ ಒಂದೇ ಪದದಲ್ಲಿ ಸಿಕ್ಕರೆ ಸರಿ. ಸಿಗದಿದ್ದರೆ ನಾನು ಬಳಕೆಯ ಪದವನ್ನೇ ಇಡುತ್ತೇನೆ. ಯಾರ ಬಳಕೆ ಎನ್ನುವುದೂ ಮುಖ್ಯ. ಬೆಂಗಳೂರಿನ ಮಗುವಿಗೆ ಗೊತ್ತಿರುವುದು ಇಲ್ಲಿನ ಮಗುವಿಗೆ ಗೊತ್ತಿರಬೇಕೆಂದು ಇಲ್ಲ. ಅದಕ್ಕೆ ಬರೆಯುವ ಮೊದಲು ಪದವನ್ನು ಅವನ ಎದುರು ಸುಮ್ನೆ ಮಾತಿನಲ್ಲಿ ಹೇಳಿ ನೋಡುತ್ತೇನೆ.

ಮೂರನೇ ತಪ್ಪು ಜಾಸ್ತಿ ಕತ್ತರಿಸಿದ್ದು. ಎರಡನೇ ಸಲ ಬರೆದಾಗ "ಆವಿ ಮೇಲೆ ಹೋಗುತ್ತದೆ. ಮೇಲೆ ಗಾಳಿ ತಣ್ಣಗೆ ಇದೆ. ಆವಿ ತಣ್ಣಗೆ ಆಗುತ್ತದೆ" ಎಂದು ತುಂಡು ತುಂಡು ಮಾಡಿದ್ದೆ. ಓದುವಾಗ ಎಲ್ಲೂ ನಿಲ್ಲಲಿಲ್ಲ. ನನಗೋ ಖುಷಿ. ಆವಿ ಯಾಕೆ ತಣ್ಣಗಾಯಿತು ಎಂದು ಕೇಳಿದೆ. ಸುಮ್ಮನೆ ಕೂತ. ವಾಕ್ಯ ಮುರಿಯುವಾಗ ನಾನು 'ರಿಂದ'ವನ್ನೂ ಬಿಸಾಡಿದ್ದೆ, ಕಾರಣ ಅದರ ಜೊತೆಗೇ ಹೋಗಿತ್ತು. ಈಗ ಆ ಜಾಗದಲ್ಲಿ 'ಹಾಗಾಗಿ' ಇಡುತ್ತೇನೆ, ಅದೂ ವಾಕ್ಯದ ಮೊದಲಲ್ಲಿ. ಬಾಲದಲ್ಲಿ ಅಡಗಿದ್ದ ಕಾರಣ ಎದುರಿಗೆ ಬರುತ್ತದೆ.

ಕೊನೆಗೆ ನಿಂತದ್ದು ಇದು:

ಸೂರ್ಯನ ಬಿಸಿಲಿಗೆ ನೀರು ಬಿಸಿ ಆಗುತ್ತದೆ.
ಬಿಸಿ ಆದ ನೀರು ಆವಿ ಆಗುತ್ತದೆ.
ಆವಿ ಮೇಲೆ ಹೋಗುತ್ತದೆ.
ಮೇಲೆ ಗಾಳಿ ತಣ್ಣಗೆ ಇದೆ.
ಹಾಗಾಗಿ ಆವಿ ತಣ್ಣಗೆ ಆಗುತ್ತದೆ.
ತಣ್ಣಗೆ ಆದ ಆವಿ ನೀರಿನ ಸಣ್ಣ ಹನಿ ಆಗುತ್ತದೆ.
ಇದಕ್ಕೆ ಸಾಂದ್ರೀಕರಣ ಎಂದು ಹೆಸರು.
ತುಂಬಾ ಹನಿ ಸೇರಿದರೆ ಮೋಡ.
ಹನಿ ದೊಡ್ಡದು ಆದಾಗ ಕೆಳಗೆ ಬೀಳುತ್ತದೆ.
ಅದೇ ಮಳೆ.

ಒಂದರಿಂದ ಹತ್ತು ವಾಕ್ಯ ಆಯಿತು. ಪುಟ ಜಾಸ್ತಿ ಆಗುತ್ತದೆ, ಆಗಲಿ. 'ತಣ್ಣಗಾಗುತ್ತದೆ' ಎನ್ನುವುದನ್ನು ಬೇಕೆಂದೇ ಬಿಡಿಸಿ ಬರೆದಿದ್ದೇನೆ, ಸಂಧಿ ಬಿಡಿಸಿದರೆ ಪದದ ಕೊನೆ ಎಲ್ಲಿ ಎಂದು ಕಣ್ಣಿಗೆ ಕಾಣುತ್ತದೆ. ವ್ಯಾಕರಣದ ಮೇಷ್ಟ್ರಿಗೆ ಸಿಟ್ಟು ಬರಬಹುದು. 'ಆವಿ' ಎಂದು ಒಮ್ಮೆ ಬರೆದರೆ ಕೊನೆ ತನಕ ಆವಿಯೇ, ನಡುವೆ 'ಹಬೆ' ಇಲ್ಲ, 'ಅದು' ಕೂಡ ಆದಷ್ಟು ಕಡಿಮೆ. ಶಾಲೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬಳಸಬಾರದು ಎಂದು ನಮಗೆ ಕಲಿಸಿದ್ದರು ಅಲ್ವಾ, ಇಲ್ಲಿ ಅದನ್ನು ಮರೆಯಬೇಕು. ಪದ ಬದಲಾದರೆ ವಸ್ತುವೂ ಬದಲಾಯಿತು ಎಂದುಕೊಳ್ಳುತ್ತಾನೆ.

'ಸಾಂದ್ರೀಕರಣ' ಮಾತ್ರ ತೆಗೆಯಲಿಲ್ಲ. ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ. ಆದರೆ ಅರ್ಥ ಮೊದಲು, ಹೆಸರು ಆಮೇಲೆ. ಅಪ್ಪನ ಹೋಟೆಲಿನಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ಹನಿ ಇರುತ್ತದಲ್ಲ, ಅದೇ ಎಂದೆ. ಇನ್ನು ಅವನು ಆ ಪದ ಮರೆಯುವುದಿಲ್ಲ, ಬರೆಯುವಾಗ ಮಾತ್ರ 'ದ್ರೀ' ಇವತ್ತಿಗೂ ತಪ್ಪುತ್ತದೆ.

ಹಾಳೆ ಪ್ರಿಂಟ್ ಮಾಡುವಾಗ ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡುತ್ತೇನೆ. ನಮ್ಮ ಒತ್ತುಗಳು ಕೆಳಗೆ ಇಳಿಯುತ್ತವೆ, ಜಾಗ ಸಾಲದಿದ್ದರೆ ಮುಂದಿನ ಸಾಲಿನ ತಲೆಗೆ ತಾಗುತ್ತವೆ.

ನನಗೆ ಅತಿ ತಡವಾಗಿ ಹೊಳೆದದ್ದು ಪ್ರಶ್ನೆಗಳ ವಿಷಯ. ಪಾಠ ಗೊತ್ತಿದ್ದೂ ಉತ್ತರ ತಪ್ಪುತ್ತಿತ್ತು. "ಇವುಗಳಲ್ಲಿ ಯಾವುದು ಸರಿಯಲ್ಲ?" ಎಂಬ ಪ್ರಶ್ನೆಗೆ ಪ್ರತಿ ಸಲ ಸರಿ ಇರುವುದನ್ನೇ ಗುರುತು ಮಾಡುತ್ತಿದ್ದ. ಗಟ್ಟಿಯಾಗಿ ಓದು ಎಂದೆ. "ಯಾವುದು ಸರಿ" ಎಂದು ಓದಿದ. ಪದದ ಮೊದಲ ಭಾಗ ನೋಡಿ ಉಳಿದದ್ದನ್ನು ಊಹೆ ಮಾಡುತ್ತಾನೆ, ನಮ್ಮಲ್ಲಿ 'ಇಲ್ಲ', 'ಅಲ್ಲ' ಕೂತಿರುವುದೇ ಕೊನೆಯಲ್ಲಿ. 'ಬರುವುದಿಲ್ಲ' ಅವನಿಗೆ 'ಬರುವುದು' ಆಗಿಬಿಡುತ್ತದೆ. "ಮೋಡ ಇಲ್ಲದೆ ಮಳೆ ಬರುವುದಿಲ್ಲ" ಎಂಬಂಥ ಎರಡೆರಡು ಇಲ್ಲಗಳ ವಾಕ್ಯ ಕೇಳುವುದೇ ಬೇಡ. ಅದನ್ನು "ಮೊದಲು ಮೋಡ ಬೇಕು. ಆಮೇಲೆ ಮಳೆ" ಎಂದು ಬದಲಿಸಿದೆ. ಪ್ರಶ್ನೆಯನ್ನು "ಒಂದು ಉತ್ತರ ತಪ್ಪು. ಅದು ಯಾವುದು?" ಎಂದು ಮಾಡಿದೆ.

ಶಾಲೆಯ ಪ್ರಶ್ನೆಪತ್ರಿಕೆ ನನ್ನ ಕೈಯಲ್ಲಿ ಇಲ್ಲ. ಅಲ್ಲಿಗೆ ಅವನಿಗೆ ಹೇಳಿಕೊಟ್ಟದ್ದು ಒಂದೇ: ಉತ್ತರ ಹುಡುಕುವ ಮೊದಲು ಪ್ರಶ್ನೆಯ ಕೊನೆಯ ಪದದ ಬಾಲಕ್ಕೆ ಪೆನ್ಸಿಲಿನಿಂದ ಸುತ್ತು ಹಾಕು. ಹೋದ ಟೆಸ್ಟಿನಲ್ಲಿ ಅಂಥ ಮೂರು ಪ್ರಶ್ನೆ ಇದ್ದವು. ಎರಡಕ್ಕೆ ಸುತ್ತು ಹಾಕಿದ್ದ, ಎರಡೂ ಸರಿ. ಮೂರನೆಯದಕ್ಕೆ ಹಾಕಲು ಮರೆತಿದ್ದ.