ಕೊನೆಯ ವರ್ಷದ ಬೆಲೆ: ಯಂತ್ರ ಮಾರುತ್ತೀರೋ, ಮುಂದೆ ಓಡಿಸುತ್ತೀರೋ?

ಹೊಸ ಪ್ರಾಜೆಕ್ಟುಗಳ ಲೆಕ್ಕದ ಹಾಳೆ ಪರಿಶೀಲಿಸುವುದು ನನ್ನ ಕೆಲಸ. ಮೊದಲ ಐದು ವರ್ಷದ ಅಂಕಿಗಳಲ್ಲಿ ತಪ್ಪು ಸಿಗುವುದು ಅಪರೂಪ. ಎಲ್ಲರೂ ಎಡವುವುದು ಕೊನೆಯ ಕಾಲಮ್ಮಿನಲ್ಲಿ, ಟರ್ಮಿನಲ್ ವ್ಯಾಲ್ಯೂ, ಅಂದರೆ ಐದನೇ ವರ್ಷದ ಕೊನೆಗೆ ಪ್ರಾಜೆಕ್ಟಿಗೆ ಉಳಿಯುವ ಬೆಲೆ, ಅಂತ ಬರೆದಿರುವ ಒಂದೇ ಒಂದು ಚೌಕದಲ್ಲಿ. ಒಂದು ಪ್ಯಾಕಿಂಗ್ ಘಟಕದ ಉದಾಹರಣೆ ಹಿಡಿದು ಆ ಚೌಕ ತುಂಬುವುದು ಹೇಗೆಂದು ನೋಡೋಣ.

ಯಂತ್ರಕ್ಕೆ 490 ಲಕ್ಷ. ಸರಕು, ಬಾಕಿ ವಸೂಲಿ ಇತ್ಯಾದಿಗೆ ಸಿಕ್ಕಿಕೊಳ್ಳುವ ದುಡಿಯುವ ಬಂಡವಾಳ 60 ಲಕ್ಷ. ಒಟ್ಟು ಹೂಡಿಕೆ 550. ಸವಕಳಿ ವರ್ಷಕ್ಕೆ 90, ಹಾಗಾಗಿ ಐದನೇ ವರ್ಷದ ಕೊನೆಗೆ ಪುಸ್ತಕದಲ್ಲಿ ಯಂತ್ರದ ಬೆಲೆ 40. ಐದೂ ವರ್ಷ ತೆರಿಗೆ ಕಳೆದ ಲಾಭ ತಲಾ 50, ಅದಕ್ಕೆ ಸವಕಳಿ 90 ಸೇರಿಸಿದರೆ ವರ್ಷಕ್ಕೆ ಕೈಗೆ ಬರುವ ಹಣ 140. ತೆರಿಗೆ ಶೇ 25. ಮುಂದೆ ಬರುವ ಹಣವನ್ನು ಇವತ್ತಿನ ಲೆಕ್ಕಕ್ಕೆ ತರಲು ಬಳಸುವ ಡಿಸ್ಕೌಂಟ್ ದರ ಶೇ 12. ಐದೂ ವರ್ಷದ ಹಣವನ್ನು ಇವತ್ತಿನ ಬೆಲೆಗೆ ಇಳಿಸಿ ಹೂಡಿಕೆ ಕಳೆದರೆ ಸುಮಾರು 45 ಲಕ್ಷ ಕೊರತೆ. ಅಂದರೆ ಈ ಪ್ರಾಜೆಕ್ಟ್ ಬೇಕೋ ಬೇಡವೋ ಎನ್ನುವುದು ಪೂರ್ತಿ ಆ ಕೊನೆಯ ಚೌಕದ ಮೇಲೆ ನಿಂತಿದೆ.

ಹೆಜ್ಜೆ 1: ಕಥೆ ಯಾವುದು ಅಂತ ತೀರ್ಮಾನಿಸಿ. ಐದು ವರ್ಷಕ್ಕೆ ಅಂಗಡಿ ಮುಚ್ಚುತ್ತೀರಾದರೆ ಸಾಲ್ವೇಜ್ ವ್ಯಾಲ್ಯೂ, ಅಂದರೆ ಗುಜರಿಗೋ ಇನ್ನೊಬ್ಬರಿಗೋ ಮಾರಿದಾಗ ಬರುವ ಹಣ. ಮುಚ್ಚದೆ ನಡೆಸುತ್ತೀರಾದರೆ ಬೆಳೆಯುವ ಪರ್ಪೆಚುಯಿಟಿ, ಅಂದರೆ ಕೊನೆಯಿಲ್ಲದೆ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಏರುತ್ತಾ ಬರುವ ಹಣ. ಎರಡರಲ್ಲಿ ಒಂದು ಮಾತ್ರ. ಮಾರಿದ ಯಂತ್ರ ಆರನೇ ವರ್ಷ ಹೇಗೆ ಓಡುತ್ತದೆ? ಗುತ್ತಿಗೆ, ಲೈಸೆನ್ಸ್, ಗಣಿ ಇಂಥದ್ದಕ್ಕೆ ಮುಗಿಯುವ ದಿನ ಗೊತ್ತಿರುತ್ತದೆ, ಅಲ್ಲಿ ಪರ್ಪೆಚುಯಿಟಿ ಮುಟ್ಟಲೇಬೇಡಿ. ಒಂದೇ ಯಂತ್ರದ ಪ್ರಾಜೆಕ್ಟ್ ಆದರೆ ನಾನು ಯಾವಾಗಲೂ ಮೊದಲು ಸಾಲ್ವೇಜ್ ಲೆಕ್ಕವನ್ನೇ ಕೇಳುತ್ತೇನೆ.

ಹೆಜ್ಜೆ 2: ಸಾಲ್ವೇಜ್. ಇದು ಸುಲಭ. ಯಂತ್ರ 80ಕ್ಕೆ ಹೋಗುತ್ತದೆ ಅನ್ನಿ. ಪುಸ್ತಕದ ಬೆಲೆ 40, ಮೇಲೆ ಬಂದ 40ಕ್ಕೆ ತೆರಿಗೆ 10, ಕೈಗೆ 70. ಬಿಡುಗಡೆಯಾಗುವ ದುಡಿಯುವ ಬಂಡವಾಳ 60 ಸೇರಿಸಿ 130. ಯಂತ್ರ ಬಿಚ್ಚಿ ಸಾಗಿಸುವ ಖರ್ಚು ನಿಮ್ಮ ತಲೆಗೇ ಬರುವುದಾದರೆ ಅದನ್ನೂ ಕಳೆಯಿರಿ. ಕೆಲವು ಕಡೆ ಆ ಖರ್ಚೇ ಜಾಸ್ತಿಯಾಗಿ ಸಾಲ್ವೇಜ್ ಮೈನಸ್‌ಗೆ ಹೋಗುವುದುಂಟು. 130ನ್ನು ಐದು ವರ್ಷ ಹಿಂದಕ್ಕೆ ತಂದರೆ ಸುಮಾರು 74. ಕೊರತೆ 45 ಹೋಗಿ ಪ್ರಾಜೆಕ್ಟ್ ಸುಮಾರು 29 ಲಕ್ಷ ಲಾಭಕ್ಕೆ ಬರುತ್ತದೆ.

ಹೆಜ್ಜೆ 3: ಆರನೇ ವರ್ಷವನ್ನು ಹೊಸದಾಗಿ ಕಟ್ಟಿ. ಸೂತ್ರ ಚಿಕ್ಕದು. ಆರನೇ ವರ್ಷದ ಹಣವನ್ನು, ಡಿಸ್ಕೌಂಟ್ ದರದಿಂದ ಬೆಳವಣಿಗೆ ದರ ಕಳೆದು ಉಳಿದದ್ದರಿಂದ ಭಾಗಿಸಬೇಕು. ಬೆಳವಣಿಗೆ ಶೇ 4 ಅಂದುಕೊಂಡರೆ ಭಾಗಿಸುವುದು 0.08ರಿಂದ. ಸೂತ್ರ ಎಲ್ಲರಿಗೂ ಬಾಯಿಪಾಠ. ಕೆಡುವುದು ಮೇಲೆ ಕೂರಿಸುವ ಅಂಕಿ.

ನನ್ನ ಮೇಜಿಗೆ ಬಂದ ಒಂದು ಹಾಳೆಯಲ್ಲಿ ಐದನೇ ವರ್ಷದ ಒಟ್ಟು ಹಣವನ್ನೇ ಎತ್ತಿ ಶೇ 4 ಏರಿಸಿ ಭಾಗಿಸಿದ್ದರು. ಆ ಒಟ್ಟಿನಲ್ಲಿ ಸಾಲ್ವೇಜ್ ಕೂಡ ಸೇರಿಕೊಂಡಿತ್ತು! ನಮ್ಮ ಅಂಕಿಗಳಲ್ಲಿ ಹಾಗೆ ಮಾಡಿದರೆ 140ಕ್ಕೆ 130 ಸೇರಿ 270, ಏರಿಸಿದರೆ 280.8, ಭಾಗಿಸಿದರೆ 3,510 ಲಕ್ಷ. ಅಂದರೆ ಅದೇ ಯಂತ್ರವನ್ನು ಪ್ರತಿ ವರ್ಷ ಮಾರುತ್ತಾ, ಪ್ರತಿ ವರ್ಷ ಬಂಡವಾಳ ವಾಪಸ್ ಪಡೆಯುತ್ತಾ, ಆದರೂ ಘಟಕ ನಡೆಸುತ್ತಲೇ ಇದ್ದಂತೆ.

ಸಾಲ್ವೇಜ್ ತೆಗೆದು ಬರೀ 140 ಏರಿಸಿದರೆ ಸರಿಹೋಯಿತಾ? ಇಲ್ಲ. 1,820 ಬರುತ್ತದೆ, ಅದೂ ತಪ್ಪೇ. ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಹೆಚ್ಚು ಅಪಾಯ. 140ರಲ್ಲಿ 90 ಸವಕಳಿ. ಐದು ವರ್ಷ ಆ ಹಣವನ್ನು ಜೇಬಿಗೆ ಹಾಕಿಕೊಂಡಿದ್ದು ಸರಿ, ಯಾಕೆಂದರೆ ಯಂತ್ರದ ದುಡ್ಡು ಮೊದಲೇ ಕೊಟ್ಟಾಗಿತ್ತು. ಆದರೆ ಕೊನೆಯಿಲ್ಲದೆ ಓಡಬೇಕಾದ ಘಟಕದಲ್ಲಿ ಸವೆದ ಯಂತ್ರವನ್ನು ಬದಲಾಯಿಸುತ್ತಲೇ ಇರಬೇಕು. ಹಾಗಾಗಿ ಸವಕಳಿಯಷ್ಟು ಹಣ ಸರಾಸರಿಯಲ್ಲಿ ಯಂತ್ರಕ್ಕೇ ವಾಪಸ್ ಹೋಗುತ್ತದೆ. ನಮಗೆ ಉಳಿಯುವುದು ಲಾಭ ಮಾತ್ರ.

ಅದೂ ಪೂರ್ತಿ ಉಳಿಯುವುದಿಲ್ಲ. ಶೇ 4 ಬೆಳೆಯಬೇಕಾದರೆ ದುಡಿಯುವ ಬಂಡವಾಳವೂ ಶೇ 4 ಬೆಳೆಯಬೇಕು. 60ರ ಮೇಲೆ ಅದು 2.4. ಯಂತ್ರಗಳಿಗೂ ಸವಕಳಿಯ ಮೇಲೆ ಒಂದಿಷ್ಟು ಜಾಸ್ತಿ ಹಾಕಬೇಕು, ಇಲ್ಲಿ 9.6 ಅನ್ನಿ. ಈಗ ಆರನೇ ವರ್ಷ: ಲಾಭ 52, ಅದರಲ್ಲಿ 12 ಬೆಳವಣಿಗೆಗೆ, ಉಳಿದದ್ದು 40. ಭಾಗಿಸಿದರೆ 500.

3,510 ಎಲ್ಲಿ, 500 ಎಲ್ಲಿ. ಸೂತ್ರ ಎರಡಕ್ಕೂ ಅದೇ.

ನೆಟ್ಟಿನಲ್ಲಿ ಸಿಗುವ ರೆಡಿಮೇಡ್ ಟೆಂಪ್ಲೇಟುಗಳನ್ನು ಸುಮ್ನೆ ನಂಬಬೇಡಿ. ಹಲವು ಟೆಂಪ್ಲೇಟುಗಳು ಕೊನೆಯ ಕಾಲಮ್ಮಿನ ಒಟ್ಟನ್ನೇ ನೇರವಾಗಿ ಎಳೆದುಕೊಳ್ಳುತ್ತವೆ. ನನ್ನ ಸಲಹೆ ಒಂದೇ: ಆರನೇ ವರ್ಷಕ್ಕೆ ಬೇರೆ ಕಾಲಮ್ ಹಾಕಿ, ಪ್ರತಿ ಸಾಲನ್ನೂ ಕೈಯಲ್ಲಿ ತುಂಬಿ.

ಹೆಜ್ಜೆ 4: ಇವತ್ತಿಗೆ ತನ್ನಿ. ಅಂಕಿ ಆರನೇ ವರ್ಷದ್ದಾದರೂ ಭಾಗಿಸಿ ಬಂದ 500 ಐದನೇ ವರ್ಷದ ಕೊನೆಯ ಬೆಲೆ. ಆದ್ದರಿಂದ ಐದು ವರ್ಷ ಹಿಂದಕ್ಕೆ, ಆರಲ್ಲ.

```
=40/(0.12-0.04)/1.12^5
```

ಸುಮಾರು 284 ಬರುತ್ತದೆ. ಕೊರತೆ 45 ಕಳೆದರೆ ಪ್ರಾಜೆಕ್ಟ್ 239 ಲಕ್ಷ ಲಾಭದಲ್ಲಿದೆ. ಮಾರಿದರೆ 29 ಬರುತ್ತಿತ್ತು, ಹಾಗಾಗಿ ಬೇಡಿಕೆ ನಿಜಕ್ಕೂ ಉಳಿಯುವುದಾದರೆ ನಡೆಸುವುದೇ ಮೇಲು. ಉಲ್ಟಾ ಆಗಿ ನಡೆಸುವ ಬೆಲೆ 130ಕ್ಕಿಂತ ಕಡಿಮೆ ಬಂದಿದ್ದರೆ ಮಾರುವುದೇ ಸರಿ.

ಹೆಜ್ಜೆ 5: ಬೆಳವಣಿಗೆ ದರವನ್ನು ಅಲುಗಾಡಿಸಿ ನೋಡಿ. ಶೇ 4ರ ಬದಲು 6 ಹಾಕಿದರೆ ಏನಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಹೆಚ್ಚಿನವರು ಕೆಳಗಿನ 0.08ನ್ನು 0.06 ಮಾಡಿ 667 ಅನ್ನುತ್ತಾರೆ. ಮೇಲಿನ 40 ಹಾಗೇ ಉಳಿದುಬಿಟ್ಟಿತಲ್ಲ! ಹೆಚ್ಚು ಬೆಳೆಯಲು ಹೆಚ್ಚು ಹಾಕಬೇಕು, 12ರ ಜಾಗದಲ್ಲಿ 18. ಲಾಭ 53 ಆಗಿ ಉಳಿಯುವುದು 35, ಭಾಗಿಸಿದರೆ 583. ಇನ್ನೊಂದು ಎಚ್ಚರಿಕೆ: ಡಿಸ್ಕೌಂಟ್ ದರದಲ್ಲಿ ಹಣದುಬ್ಬರ ಸೇರಿದ್ದರೆ ಬೆಳವಣಿಗೆ ದರದಲ್ಲೂ ಸೇರಿರಬೇಕು. ಒಂದರಲ್ಲಿ ಇಟ್ಟು ಇನ್ನೊಂದರಲ್ಲಿ ಬಿಟ್ಟರೆ ಉತ್ತರ ಹಾಳು. ಇಡೀ ಆರ್ಥಿಕತೆ ಬೆಳೆಯುವುದಕ್ಕಿಂತ ಜಾಸ್ತಿ ದರವನ್ನಂತೂ ಶಾಶ್ವತಕ್ಕೆ ಹಾಕಲೇಬೇಡಿ. ಹಾಗೆ ಮಾಡಿದರೆ ಒಂದು ದಿನ ನಿಮ್ಮ ಪ್ಯಾಕಿಂಗ್ ಘಟಕ ಆರ್ಥಿಕತೆಗಿಂತ ದೊಡ್ಡದಾಗುತ್ತದೆ.

ಹೆಜ್ಜೆ 6: ಒಂದು ಒರಟು ಪರೀಕ್ಷೆ. ಇಂಥದ್ದೇ ಘಟಕ ಹೊಸದಾಗಿ ಕಟ್ಟಲು ಇವತ್ತು 550 ಬೇಕು. ಬೆಲೆ ವರ್ಷಕ್ಕೆ ಶೇ 4 ಏರಿದರೂ ಐದು ವರ್ಷಕ್ಕೆ 670ರ ಆಸುಪಾಸು. ಐದು ವರ್ಷ ಓಡಿದ ಘಟಕಕ್ಕೆ 500 ಅಂದರೆ ನಂಬಬಹುದು. ನಿಮ್ಮ ಹಾಳೆ 3,510 ಅನ್ನುತ್ತಿದ್ದರೆ, 670ಕ್ಕೆ ಹೊಸದು ಕಟ್ಟಬಲ್ಲ ಮನುಷ್ಯ ನಿಮ್ಮ ಹಳೆಯದಕ್ಕೆ ಐದು ಪಟ್ಟು ಯಾಕೆ ಕೊಡುತ್ತಾನೆ ಅಂತ ಹೇಳಬೇಕಾಗುತ್ತದೆ. ಪೇಟೆಂಟ್, ಬೇರೆಯವರಿಗೆ ಸಿಗದ ಪರವಾನಗಿ, ಹೀಗೆ ಒಂದು ಕಾರಣ ಇದ್ದರೆ ಬರೆದಿಡಿ. ಇಲ್ಲದಿದ್ದರೆ ಮೂರನೇ ಹೆಜ್ಜೆಗೆ ವಾಪಸ್ ಹೋಗಿ.