ಸ್ಪೀಡ್ ಟೆಸ್ಟ್ ಚೆನ್ನಾಗಿದ್ದರೂ ಟಿವಿಯಲ್ಲಿ ಚಕ್ರ ಸುತ್ತುತ್ತಿದೆಯೇ?

ಮೈಸೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮನೆಗೆ 100 ಎಂಬಿಪಿಎಸ್ ಪ್ಲ್ಯಾನ್ ಇದೆ. ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 94 ಬರುತ್ತದೆ. ಟಿವಿಯಲ್ಲಿ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಸಿನಿಮಾ ನಿಂತು ಚಕ್ರ ಸುತ್ತುತ್ತಿತ್ತು. 'ಕಂಪನಿಯವರು ಬಂದು ನೋಡಿದರು, ಲೈನ್ ಸರಿಯಿದೆ ಅಂದರು. ಟಿವಿನೇ ಬದಲಾಯಿಸ್ಬೇಕೇನೋ' ಎಂದರು ಚಿಕ್ಕಪ್ಪ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಆಗಿರುವ ತಪ್ಪು ಇದೇ. ಆ 94 ಮೊಬೈಲಿಗೆ ಸಿಕ್ಕ ವೇಗ. ಟಿವಿಗೆ ಎಷ್ಟು ಸಿಗುತ್ತಿದೆ ಎಂದು ಯಾರೂ ಅಳೆದಿರಲಿಲ್ಲ.

ಮೊದಲು: ಟಿವಿ ಮತ್ತು ರೌಟರ್ ಎರಡನ್ನೂ ಪ್ಲಗ್‌ನಿಂದ ಕಿತ್ತು, ಒಂದು ನಿಮಿಷ ಬಿಟ್ಟು ಹಾಕಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಎಷ್ಟೋ ಟಿವಿಗಳು ನಿದ್ದೆ ಹೋಗುತ್ತವೆ ಅಷ್ಟೆ, ರೀಸ್ಟಾರ್ಟ್ ಆಗುವುದಿಲ್ಲ.

ಎರಡನೆಯದು, ಟಿವಿಯಲ್ಲೇ ಅಳೆಯಿರಿ. ಟಿವಿಯ ಬ್ರೌಸರಿನಲ್ಲಿ fast.com ತೆರೆಯಿರಿ. ಇದು ನೆಟ್‌ಫ್ಲಿಕ್ಸ್‌ನವರದೇ ಪರೀಕ್ಷೆ. ವಿಡಿಯೊ ಬರುವ ಸರ್ವರ್‌ನಿಂದಲೇ ಅಳೆಯುವುದರಿಂದ ಇದರ ಲೆಕ್ಕವನ್ನು ನಾನು ಹೆಚ್ಚು ನಂಬುತ್ತೇನೆ. ಬ್ರೌಸರ್ ಇಲ್ಲದಿದ್ದರೆ ಯೂಟ್ಯೂಬ್‌ನಲ್ಲಿ ಒಂದು ವಿಡಿಯೊ ಹಾಕಿ, ಸೆಟ್ಟಿಂಗ್ಸ್‌ನಲ್ಲಿ Stats for nerds ಆನ್ ಮಾಡಿ. ಅಲ್ಲಿ Buffer Health ಎಂಬ ಸಾಲನ್ನೇ ನೋಡುತ್ತಿರಿ. ಮುಂದಿನ ಎಷ್ಟು ಸೆಕೆಂಡಿನ ವಿಡಿಯೊ ಈಗಾಗಲೇ ಬಂದು ಕೂತಿದೆ ಎಂದು ಅದು ಹೇಳುತ್ತದೆ. ಆ ಸಂಖ್ಯೆ ಇಳಿಯುತ್ತಾ ಸೊನ್ನೆ ಮುಟ್ಟಿದಾಗಲೇ ಚಕ್ರ ಬರುವುದು. ಚಿಕ್ಕಪ್ಪನ ಟಿವಿಯಲ್ಲಿ fast.com ತೋರಿಸಿದ್ದು 6. ನೆಟ್‌ಫ್ಲಿಕ್ಸ್ ಪ್ರಕಾರ ಫುಲ್ ಎಚ್‌ಡಿಗೆ 5, 4ಕೆಗೆ 15 ಎಂಬಿಪಿಎಸ್ ಬೇಕು. 6 ಬರುವ ಕಡೆ 4ಕೆ ಹಾಕಿದರೆ ನಿಲ್ಲದೆ ಇನ್ನೇನಾದೀತು?

ಮೂರನೆಯದೇ ಎಲ್ಲರೂ ಎಡವುವ ಜಾಗ. ಈಗಿನ ಹೆಚ್ಚಿನ ರೌಟರ್‌ಗಳು ಎರಡು ಬಗೆಯ ವೈಫೈ ಕೊಡುತ್ತವೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಎಲ್ಲವೂ ಅದರಲ್ಲೇ ನುಗ್ಗುತ್ತವೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಗೋಡೆ ದಾಟುವಾಗ ಸೊರಗುತ್ತದೆ. ಎರಡಕ್ಕೂ ಒಂದೇ ಹೆಸರಿದ್ದರೆ ಮೊಬೈಲು 5ಕ್ಕೆ ಸೇರಿ, ಟಿವಿ ಸದ್ದಿಲ್ಲದೆ 2.4ಕ್ಕೆ ಅಂಟಿಕೊಂಡಿರಬಹುದು. ಚಿಕ್ಕಪ್ಪನ ಮನೆಯಲ್ಲಿ ಆಗಿದ್ದು ಅದೇ. ರೌಟರ್ ಬಾಗಿಲ ಮೇಲಿನ ಸಜ್ಜದಲ್ಲಿ, ಟಿವಿ ಹಾಲ್‌ನಲ್ಲಿ, ನಡುವೆ ಒಂದು ಗೋಡೆ. ಟಿವಿಯ ವೈಫೈ ಆಂಟೆನಾ ಇರುವುದು ಹಿಂಬದಿಯಲ್ಲಿ. ಅದೂ ಗೋಡೆಗೆ ಒತ್ತಿಕೊಂಡಿತ್ತು.

ರೌಟರ್ ಅಡಿಯ ಸ್ಟಿಕ್ಕರ್‌ನಲ್ಲಿ ಒಂದು ವಿಳಾಸ ಇರುತ್ತದೆ, ಸಾಮಾನ್ಯವಾಗಿ 192.168.1.1. ಮೊಬೈಲಿನ ಬ್ರೌಸರಿನಲ್ಲಿ ಅದನ್ನು ತೆರೆದು ಲಾಗಿನ್ ಆಗಿ, ಎರಡೂ ವೈಫೈಗೆ ಬೇರೆ ಬೇರೆ ಹೆಸರು ಇಡಿ. ಆಮೇಲೆ ಟಿವಿಯನ್ನು 5ಕ್ಕೆ ಸೇರಿಸಿ, ಹಳೆಯ ಹೆಸರನ್ನು ಟಿವಿಯಲ್ಲಿ ಅಳಿಸಿಹಾಕಿ. ಇಲ್ಲದಿದ್ದರೆ ಅದು ಮತ್ತೆ ಅಲ್ಲಿಗೇ ಓಡುತ್ತದೆ. ಟಿವಿಗೆ 5ರ ಹೆಸರೇ ಕಾಣದಿದ್ದರೆ ರೌಟರ್‌ನಲ್ಲಿ 5ರ ವೈಫೈ ಚಾನೆಲ್ 'ಆಟೋ' ಇದೆಯೇ ನೋಡಿ, 36ಕ್ಕೆ ಬದಲಿಸಿ. ಎಷ್ಟೋ ಟಿವಿಗಳಿಗೆ ನಡುವಿನ ಚಾನೆಲ್‌ಗಳು ಕಾಣುವುದಿಲ್ಲ. ಆಗಲೂ ಕಾಣದಿದ್ದರೆ ಬಹುಶಃ ನಿಮ್ಮ ಟಿವಿಗೆ 2.4 ಮಾತ್ರ ಬರುತ್ತದೆ ಎಂದರ್ಥ. ಕಡಿಮೆ ಬೆಲೆಯ ಟಿವಿಗಳಲ್ಲಿ ಇದು ಜಾಸ್ತಿ.

ಹೆಸರು ಬೇರೆ ಮಾಡಿದ ಮೇಲೆ ಚಿಕ್ಕಪ್ಪನ ಟಿವಿಯಲ್ಲಿ 6 ಹೋಗಿ 38 ಬಂತು. ಅಷ್ಟಕ್ಕೇ ನಾನು ಬಿಡಲಿಲ್ಲ, ರೌಟರ್‌ನಿಂದ ಟಿವಿಗೆ ನೆಟ್ ಕೇಬಲ್ಲೂ ಎಳೆಸಿದೆ. ಟಿವಿ ಅಲ್ಲೇ ಖಾಯಂ ಕೂತಿರುತ್ತದೆ ಅಲ್ವಾ? ಅದಕ್ಕೆ ವೈಫೈ ಯಾಕೆ? ಹೆಚ್ಚಿನ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು, 4ಕೆಗೆ ಧಾರಾಳ ಸಾಕು. ಕ್ಯಾಟ್ 6 ಎಂಬ ನೆಟ್ ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ತಂತಿ ಮಡಚುವ ಕಡೆ ಬೇಗ ಮುರಿಯುತ್ತದೆ. ಗೋಡೆಯ ಪ್ಲಗ್‌ಗೆ ಸಿಕ್ಕಿಸುವ ಅಗ್ಗದ 'ವೈಫೈ ಬೂಸ್ಟರ್' ಅಂತೂ ಸುಮ್ನೆ ದುಡ್ಡು ದಂಡ. ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು, ಅದರಲ್ಲೇ ಮತ್ತೆ ಕಳಿಸುವುದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಕೇಬಲ್ ಹಾಕಿದರೂ ನಿಲ್ಲುತ್ತಿದ್ದರೆ ಆ ಕೇಬಲ್ ಕಿತ್ತು, ಟಿವಿಯನ್ನು ಮೊಬೈಲಿನ ಹಾಟ್‌ಸ್ಪಾಟ್‌ಗೆ ಸೇರಿಸಿ, ಅದೇ ವಿಡಿಯೊ ಅದೇ ಗುಣಮಟ್ಟದಲ್ಲಿ ಹಾಕಿ. ಮೊಬೈಲಿನ ವೈಫೈ ಆಫ್ ಇರಲಿ. ಅಲ್ಲಿ ಚೆನ್ನಾಗಿ ಓಡಿದರೆ ಟಿವಿಯಲ್ಲಿ ದೋಷವಿಲ್ಲ. ರಾತ್ರಿ 9ರ ಹೊತ್ತಿಗೆ ಮಾತ್ರ ನಿಲ್ಲುತ್ತದೆಯೇ ಗಮನಿಸಿ. ಹಾಗಿದ್ದರೆ ತೊಂದರೆ ಕಂಪನಿಯ ಕಡೆಯದು. ಸ್ಪೀಡ್ ಟೆಸ್ಟ್ ಆ್ಯಪ್ ಹೆಚ್ಚಾಗಿ ಹತ್ತಿರದ ಸರ್ವರ್‌ಗೆ, ಕೆಲವೊಮ್ಮೆ ಅದೇ ಕಂಪನಿಯ ಸರ್ವರ್‌ಗೆ ಹೋಗಿ ಬರುತ್ತದೆ. ಹೊರಗಿನ ದಾರಿ ತುಂಬಿಹೋಗಿದ್ದು ಅದಕ್ಕೆ ಕಾಣುವುದಿಲ್ಲ. ಆ ಹೊತ್ತಿನ fast.com ಪರದೆಯ ಫೋಟೊ ತೆಗೆದಿಟ್ಟು, ಕೇಬಲ್ಲಿನಲ್ಲೇ ಅಳೆದದ್ದು ಎಂದು ಬರೆದು ದೂರು ಕೊಡಿ.

ಹಾಟ್‌ಸ್ಪಾಟ್‌ನಲ್ಲೂ ನಿಂತರೆ, ಮೊಬೈಲಿಗೆ ಸಿಗ್ನಲ್ ಚೆನ್ನಾಗಿರುವಾಗ ಅಂತ ಇಟ್ಟುಕೊಳ್ಳಿ, ಟಿವಿಯ ಸ್ಟೋರೇಜ್ ತುಂಬಿದೆಯೇ ನೋಡಿ. ಎಷ್ಟೋ ಟಿವಿಗಳಲ್ಲಿ ಇರುವುದೇ 8 ಜಿಬಿ. ಬೇಡದ ಆ್ಯಪ್ ತೆಗೆದು, ತೊಂದರೆ ಕೊಡುವ ಆ್ಯಪಿನ ಕ್ಯಾಶೆ ಅಳಿಸಿ, ಅಪ್‌ಡೇಟ್ ಮಾಡಿ.