ವಿಡಿಯೊ ಸಂದರ್ಶನದ ಕತ್ತರಿ ಗುರುತು ಮುಚ್ಚುವ ದೃಶ್ಯ ಯಾವುದಿರಬೇಕು?

ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾದಾಗ ರೊಬಸ್ಟಾ ಗಿಡಗಳಿಗೆ ಸ್ಪ್ರಿಂಕ್ಲರ್‌ನಿಂದ ನೀರು ಹಾಯಿಸಿದ್ದನ್ನು ವಿವರಿಸುತ್ತಿದ್ದಾರೆಂದು ಇಟ್ಟುಕೊಳ್ಳಿ. ನಡುವಿನ ಅನಗತ್ಯ ಮಾತನ್ನು ತೆಗೆದರೆ ಅವರ ತಲೆ ಪರದೆಯ ಮೇಲೆ ಥಟ್ಟನೆ ಜಿಗಿಯುತ್ತದೆ. ಅದನ್ನು ಮುಚ್ಚಲು ಕೆಂಪು ಹಣ್ಣು ಕೊಯ್ಯುವ ದೃಶ್ಯ ಹಾಕಬೇಡಿ. ಹೂವಿನ ಮಾತಿಗೆ ಕೊಯ್ಲಿನ ಚಿತ್ರ ಹಾಕಿದರೆ ಕೊಡಗಿನ ನೋಡುಗರು ತಕ್ಷಣ ಗುರುತಿಸುತ್ತಾರೆ. ತಿರುಗುವ ಸ್ಪ್ರಿಂಕ್ಲರ್, ಒದ್ದೆಯಾದ ಮೊಗ್ಗು, ಪೈಪ್ ಜೋಡಿಸುವ ಅವರದೇ ಕೈಗಳು ಇಲ್ಲಿ ಸರಿಹೊಂದುತ್ತವೆ.

ಈ ದೃಶ್ಯವನ್ನು ಕತ್ತರಿಸಿದ ಜಾಗದಲ್ಲೇ ಆರಂಭಿಸದೆ, "ಸ್ಪ್ರಿಂಕ್ಲರ್" ಎಂಬ ಪದ ಕೇಳಿಸುವ ಹೊತ್ತಿಗೆ, ಅಂದರೆ ಕತ್ತರಿಗೆ ಸುಮಾರು ಒಂದು ಸೆಕೆಂಡ್ ಮೊದಲೇ ತಂದು, ಕತ್ತರಿ ದಾಟಿದ ಮೇಲೂ ಒಂದೆರಡು ಸೆಕೆಂಡ್ ಉಳಿಸಿ, ಮುಂದಿನ ವಾಕ್ಯದ ನಡುವೆ ಮುಖಕ್ಕೆ ಮರಳಿದರೆ ಜೋಡಣೆ ಎಲ್ಲಿದೆಯೆಂದು ತಿಳಿಯುವುದಿಲ್ಲ.

ಚಿತ್ರ ಮುಚ್ಚಿದರೂ ಧ್ವನಿ ಗುಟ್ಟು ಬಿಟ್ಟುಕೊಡಬಹುದು. ಕಣ್ಣು ಮುಚ್ಚಿ ಕೇಳಿ: ಉಸಿರು ಅರ್ಧಕ್ಕೆ ತುಂಡಾಗಿದ್ದರೆ ಅಥವಾ ಹಿನ್ನೆಲೆಯ ಜೀರುಂಡೆಯ ಸದ್ದು ಒಮ್ಮೆಲೇ ನಿಂತರೆ, ಸಂದರ್ಶನ ನಡೆದ ಜಾಗದಲ್ಲೇ ಮಾತಿಲ್ಲದೆ ಅರ್ಧ ನಿಮಿಷ ಧ್ವನಿಮುದ್ರಿಸಿಕೊಂಡ ತುಣುಕನ್ನು ಅಡಿಯಲ್ಲಿ ಹಾಸಬೇಕು. ಅವರ ಕಣ್ಣು ತುಂಬಿ ಬರುವ ಕ್ಷಣದಲ್ಲಿ ಮಾತ್ರ ಏನನ್ನೂ ಮುಚ್ಚಬೇಡಿ. ಅಲ್ಲಿ ಜಿಗಿತವಿದ್ದರೂ ಮುಖವೇ ಇರಲಿ ಎಂಬುದು ನನ್ನ ಅಭಿಪ್ರಾಯ.